ಗದ್ದಲವೆಂದು ಅಳಿಸಿದ್ದು

ಬೀದಿನಾಟಕದ ವಿಡಿಯೊ ಒಂದನ್ನು ಹೊಗಳಬೇಕಾದಾಗ ನಾವು ಸಾಮಾನ್ಯವಾಗಿ ಬಳಸುವ ಮಾತು ‘ನೀಟಾಗಿ ಬಂದಿದೆ’ ಎಂಬುದು. ನಟರ ಮುಖ ಕಾಣುತ್ತದೆ, ಮಾತು ಕೇಳಿಸುತ್ತದೆ, ಕ್ಯಾಮೆರಾ ಅಲುಗಾಡಿಲ್ಲ, ಎಲ್ಲೂ ಎಳೆದಂತಿಲ್ಲ. ರಂಗಮಂದಿರದೊಳಗಿನ ನಾಟಕಕ್ಕೆ ಈ ಅಳತೆಗೋಲು ಬಹುಮಟ್ಟಿಗೆ ಸರಿಯೇ. ಬೀದಿನಾಟಕಕ್ಕೂ ಅದನ್ನೇ ಹಿಡಿದರೆ ಏನಾಗುತ್ತದೆ ಎಂಬುದನ್ನು ಒಂದೇ ಪ್ರದರ್ಶನದ ಎರಡು ಎಡಿಟ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಈ ಬರಹ. ಎರಡೂ ಎಡಿಟ್‌ಗಳ ಮೂಲ ಒಂದೇ. ನಟರು, ಕ್ಯಾಮೆರಾ, ಸಂಜೆ, ಜನ ಯಾವುದೂ ಬೇರೆಯಲ್ಲ. ಆದರೂ ನೋಡಿ ಮುಗಿಸಿದಾಗ ಎರಡು ಬೇರೆ ನಾಟಕ ನೋಡಿದ ಹಾಗಾಗುತ್ತದೆ.

ನಾಟಕ ನಡೆದದ್ದು ಪುಣೆಯಲ್ಲಿ, ಕಟ್ಟಡ ಕೆಲಸಕ್ಕೆಂದು ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು ಹೆಚ್ಚಾಗಿರುವ ಒಂದು ವಸ್ತಿಯ ಬಯಲಿನಲ್ಲಿ. ಆಡಿದವರು ನಮ್ಮಂತೆ ವಾರವಿಡೀ ಆಫೀಸಿನಲ್ಲಿದ್ದು ಭಾನುವಾರ ರಂಗದ ಹುಚ್ಚು ತೀರಿಸಿಕೊಳ್ಳುವ ಕನ್ನಡದ ಗೆಳೆಯರು. ಕಥೆ ಸರಳ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು 1996ರಲ್ಲಿ ಬಂದ ಕಾಯ್ದೆಯ ಪ್ರಕಾರ, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದಿತ್ತು. ಆ 90 ದಿನಕ್ಕೆ ಯಾರಾದರೂ ಸಹಿ ಹಾಕಬೇಕಲ್ಲ? ನಾಟಕದ ಕೆಲಸಗಾರ ಮುಕಾದಮನ ಹಿಂದೆ ಸಹಿಗಾಗಿ ಅಲೆಯುತ್ತಾನೆ. ಮುಕಾದಮ ಪ್ರತಿ ಸಲವೂ ‘ನಾಳೆ ಬಾ’ ಎನ್ನುತ್ತಾನೆ. ನಡುವೆ ಹಲಗೆ ಬಾರಿಸಿಕೊಂಡು ಒಬ್ಬ ಸೂತ್ರಧಾರ ದಿನಗಳನ್ನು ಎಣಿಸುತ್ತಾನೆ. ಪ್ರದರ್ಶನ 27 ನಿಮಿಷ ನಡೆಯಿತು.

ಅಂದು ನಾಲ್ಕು ಕ್ಯಾಮೆರಾಗಳಿದ್ದವು. ಸುಮಾರು ಏಳು ಮೀಟರ್ ಅಗಲದ ವೃತ್ತವನ್ನು ಗಡಿಯಾರದ ಮುಖ ಎಂದುಕೊಂಡರೆ, ಎ ಕ್ಯಾಮೆರಾ ಆರು ಗಂಟೆಯ ಜಾಗದಲ್ಲಿ ನೆಲದ ಮೇಲೆ, ಮುಂದಿನ ಸಾಲಿನ ಮಕ್ಕಳ ನಡುವೆ ಇತ್ತು. ಬಿ ಅದರ ಎಡಕ್ಕೆ, ಎಂಟು ಗಂಟೆಯಲ್ಲಿ. ಸಿ ನೇರ ಎದುರಿಗೆ, ಹನ್ನೆರಡು ಗಂಟೆಯಲ್ಲಿ, ಜನರ ಎರಡು ಸಾಲಿನ ಹಿಂದೆ. ಡಿ ಎಂಬುದು ಒಂದು ಮೊಬೈಲು. ಅದನ್ನು ಇಪ್ಪತ್ತು ಮೀಟರ್ ದೂರದ ಕಿರಾಣಿ ಅಂಗಡಿಯ ಮೇಲಿನ ಬಾಲ್ಕನಿಗೆ ಕಟ್ಟಲಾಗಿತ್ತು. ಧ್ವನಿಗೆ ವೃತ್ತದ ಅಂಚಿನಲ್ಲಿ ಎರಡು ರೆಕಾರ್ಡರ್, ಜನರ ಕಡೆಗೆ ಮುಖ ಮಾಡಿದ ಒಂದು ರೆಕಾರ್ಡರ್. ಅಂದಿನ ನನ್ನ ಕೆಲಸ ವಾರದ ದಿನಗಳಲ್ಲಿ ಮಾಡುವುದೇ: ಯಾವ ಯಂತ್ರ ಎಷ್ಟು ಹೊತ್ತಿಗೆ ಚಾಲೂ ಆಯಿತು, ಯಾವುದು ನಿಂತಿತು ಎಂದು ಪಟ್ಟಿ ಬರೆದುಕೊಳ್ಳುವುದು. ಎಡಿಟ್ ಮಾಡಿದವರು ಬೇರೆಯವರು.

ಮೊದಲ ಎಡಿಟ್ 16 ನಿಮಿಷದ್ದು. ನಾನು ಕುಳಿತು ಎಣಿಸಿದೆ. ಅದರಲ್ಲಿ 131 ಕಟ್‌ಗಳಿವೆ, ಅಂದರೆ ಏಳು ಸೆಕೆಂಡಿಗೊಂದು. ಮಾತಾಡುವ ನಟನ ಮುಖ ಯಾವ ಕ್ಯಾಮೆರಾದಲ್ಲಿ ಕಾಣುತ್ತದೋ ಆ ಕ್ಯಾಮೆರಾಕ್ಕೆ ಹೋಗುವುದು ಅದರ ಒಂದೇ ನಿಯಮ. ಸಿನಿಮಾದಲ್ಲಿ ಈ ನಿಯಮ ನಡೆಯುತ್ತದೆ, ಏಕೆಂದರೆ ಅಲ್ಲಿ ಕ್ಯಾಮೆರಾಕ್ಕಾಗಿಯೇ ನಟರನ್ನು ನಿಲ್ಲಿಸಿರುತ್ತಾರೆ. ರಂಗಮಂದಿರದಲ್ಲೂ ನಡೆಯುತ್ತದೆ, ಏಕೆಂದರೆ ಎಲ್ಲ ಕ್ಯಾಮೆರಾಗಳೂ ಪ್ರೇಕ್ಷಕರ ಕಡೆಯೇ ಇರುತ್ತವೆ. ಅಲ್ಲಿ ಎಡದಿಂದ ಬಲಕ್ಕೆ ಓಡಿದವನು ಯಾವ ಕ್ಯಾಮೆರಾದಲ್ಲಿ ನೋಡಿದರೂ ಎಡದಿಂದ ಬಲಕ್ಕೇ ಓಡುತ್ತಾನೆ. ವೃತ್ತದಲ್ಲಿ ಹಾಗಲ್ಲ. ಎ ಕ್ಯಾಮೆರಾದಲ್ಲಿ ಬಲಕ್ಕೆ ಓಡಿದ ಕೆಲಸಗಾರ ಸಿ ಕ್ಯಾಮೆರಾದಲ್ಲಿ ಎಡಕ್ಕೆ ಓಡುತ್ತಾನೆ. ಒಂಬತ್ತನೇ ನಿಮಿಷದಲ್ಲಿ ಕೆಲಸಗಾರ ಮುಕಾದಮನನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯವಿದೆ. ಬಯಲಿನಲ್ಲಿ ಮಕ್ಕಳು ಬಿದ್ದು ಬಿದ್ದು ನಕ್ಕ ದೃಶ್ಯ ಅದು. ಎಡಿಟ್‌ನಲ್ಲಿ ಅದು ಎ, ಸಿ, ಎ, ಸಿ ಎಂದು ಬದಲಾಗುತ್ತಾ ಹೋಗಿ, ಒಂದು ಕ್ಷಣ ಇವನು ಅವನನ್ನು ಅಟ್ಟುತ್ತಿದ್ದಾನೋ ಅವನೇ ಇವನನ್ನು ಅಟ್ಟುತ್ತಿದ್ದಾನೋ ತಿಳಿಯದಂತಾಗಿದೆ. ಕಥೆಯಲ್ಲಿ ಯಾರು ಯಾರ ಬೆನ್ನು ಹತ್ತಿದ್ದಾರೆ ಎಂಬುದೇ ಮುಖ್ಯವಾಗಿರುವಾಗ ಇದು ಸಣ್ಣ ತಪ್ಪಲ್ಲ.

ಎರಡನೆಯ ಎಡಿಟ್ 25 ನಿಮಿಷದ್ದು, 58 ಕಟ್‌ಗಳದ್ದು. ಅದು ಎ ಮತ್ತು ಬಿ ಕ್ಯಾಮೆರಾಗಳನ್ನು ಒಂದು ಮನೆಯೆಂದು ಇಟ್ಟುಕೊಂಡಿದೆ. ಅವೆರಡರ ನಡುವೆ ಅರವತ್ತು ಡಿಗ್ರಿಯಷ್ಟೇ ಅಂತರ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋದಾಗ ದಿಕ್ಕು ಸಾಮಾನ್ಯವಾಗಿ ಉಳಿಯುತ್ತದೆ, ನೋಟ ಮಾತ್ರ ಬದಲಾಗುತ್ತದೆ. ಎದುರಿನ ಸಿ ಕ್ಯಾಮೆರಾಕ್ಕೆ ಹೋಗಬೇಕಾದಾಗಲೆಲ್ಲ ಮೊದಲು ಡಿಗೆ ಹೋಗುತ್ತದೆ. ಬಾಲ್ಕನಿಯಿಂದ ಇಡೀ ವೃತ್ತ ಎರಡು ಮೂರು ಸೆಕೆಂಡು ಕಾಣುತ್ತದೆ, ಯಾರು ಎಲ್ಲಿದ್ದಾರೆ ಎಂದು ಕಣ್ಣು ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ಆಚೆ ದಡ. ಹೊಳೆ ದಾಟಲು ಸೇತುವೆ ಬೇಕಲ್ಲ, ಹಾಗೆ. ಬೀದಿನಾಟಕಕ್ಕೆ ನಾಲ್ಕನೆಯ ಕ್ಯಾಮೆರಾವನ್ನು ಎತ್ತರದಲ್ಲಿ ಇಡುವುದು ಚೆಂದಕ್ಕಲ್ಲ, ಈ ದಾಟುವಿಕೆಗೆ. ಎತ್ತರದ ಜಾಗ ಸಿಗದ ಕಡೆ ಮೂರೂ ಕ್ಯಾಮೆರಾಗಳನ್ನು ವೃತ್ತದ ಒಂದೇ ಅರ್ಧದಲ್ಲಿ, ನಾಲ್ಕು, ಆರು, ಎಂಟು ಗಂಟೆಗಳಲ್ಲಿ ಇಡುವುದೇ ಕ್ಷೇಮ.

ಹೀಗೆ ಮಾಡಿದಾಗ ಒಂದು ಬೆಲೆ ತೆರಬೇಕಾಗುತ್ತದೆ: ನಟರ ಬೆನ್ನು ಕಾಣುತ್ತದೆ. ಮೊದಲ ಎಡಿಟ್ ಆ ಬೆಲೆ ಕೊಡಲು ಒಪ್ಪಿಲ್ಲ. ಆದರೆ ಬೀದಿನಾಟಕದಲ್ಲಿ ನಟ ಒಬ್ಬರಿಗೆ ಬೆನ್ನು ತಿರುಗಿಸುವುದು ಇನ್ನೊಬ್ಬರಿಗೆ ಮುಖ ಕೊಡಲು. ಕಲಕತ್ತೆಯಲ್ಲಿ ಬಾದಲ್ ಸರ್ಕಾರ್ ಮೂರನೆಯ ರಂಗಭೂಮಿ ಎಂದು ಕರೆದು ನಾಟಕವನ್ನು ವೇದಿಕೆಯಿಂದ ಇಳಿಸಿದಾಗ ಅವರಿಗೆ ಬೇಕಿದ್ದದ್ದೂ ಇದೇ. ಒಂದೇ ಬೆಳಕಿನಲ್ಲಿ ನಟನೂ ನೋಡುಗನೂ ಕುಳಿತು ಒಬ್ಬರನ್ನೊಬ್ಬರು ನೋಡಬೇಕು. ಮುಕಾದಮ ನಮ್ಮ ಕಡೆ ಬೆನ್ನು ಹಾಕಿ ಎದುರಿನ ಸಾಲಿಗೆ ‘ನಾಳೆ ಬಾ’ ಎಂದಾಗ, ಆ ಬೆನ್ನಿನಾಚೆ ಎದುರಿನ ಸಾಲಿನವರ ಪ್ರತಿಕ್ರಿಯೆ ಕಾಣುವುದೇ ನಮಗೆ ಸಿಗುವ ದೃಶ್ಯ. ಪ್ರತಿ ಮಾತಿಗೂ ಮುಖ ಹುಡುಕುತ್ತಾ ಹೋದ ಎಡಿಟ್ ಕೊನೆಗೆ ನಟರು ಕ್ಯಾಮೆರಾಕ್ಕಾಗಿ ಆಡಿದರು ಎಂಬ ಸುಳ್ಳನ್ನು ಹೇಳುತ್ತದೆ.

ಇನ್ನು ಧ್ವನಿಗೆ ಬರೋಣ. ನನ್ನ ಪ್ರಕಾರ ಬೀದಿನಾಟಕದ ವಿಡಿಯೊ ಗೆಲ್ಲುವುದೂ ಸೋಲುವುದೂ ಇಲ್ಲೇ.

ಎಂ.ಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದುವಾಗ ಒಂದು ವಿಷಯ ತಲೆಯಲ್ಲಿ ಕೂತಿತ್ತು. ಸಿಗ್ನಲ್ ಯಾವುದು, ನಾಯ್ಸ್ ಯಾವುದು ಎಂಬುದು ಅಲೆಯಲ್ಲಿ ಬರೆದಿರುವುದಿಲ್ಲ. ನಮಗೆ ಬೇಕಾದದ್ದು ಸಿಗ್ನಲ್, ಬೇಡವಾದದ್ದು ನಾಯ್ಸ್, ಅಷ್ಟೇ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಗದ್ದಲ ತೆಗೆಯುವ ಸಾಧನ ಬಳಸುವಾಗ, ಯಾರೂ ಮಾತಾಡದ ಎರಡು ಮೂರು ಸೆಕೆಂಡನ್ನು ತೋರಿಸಿ ‘ಇದು ಗದ್ದಲ’ ಎಂದು ಅದಕ್ಕೆ ಕಲಿಸುತ್ತೇವೆ. ಅದು ಆ ಬಗೆಯ ಸದ್ದನ್ನು ಇಡೀ ಧ್ವನಿಯಿಂದ ಕಳೆಯುತ್ತಾ ಹೋಗುತ್ತದೆ. ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದಿಗೆ ಇದು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅದು ಮೊದಲಿನಿಂದ ಕೊನೆಯವರೆಗೆ ಒಂದೇ ರೀತಿ ಇರುತ್ತದೆ. ಬಯಲಿನಲ್ಲಿ ಹಾಗೆ ಸುಮ್ಮನಿರುವ ಸೆಕೆಂಡು ಎಲ್ಲಿಂದ ಬರಬೇಕು? ನಟ ಸುಮ್ಮನಾದ ಸೆಕೆಂಡುಗಳಲ್ಲೆಲ್ಲ ಜನ ಗುಜುಗುಜು ಎನ್ನುತ್ತಿದ್ದರು. ಮೊದಲ ಎಡಿಟ್‌ನಲ್ಲಿ ಆ ಗುಜುಗುಜನ್ನೇ ಗದ್ದಲ ಎಂದು ಕಲಿಸಲಾಗಿದೆ. ಜನರ ಗುಜುಗುಜೂ ನಟನ ಮಾತೂ ಮನುಷ್ಯರ ಗಂಟಲಿನದೇ ಆದ್ದರಿಂದ, ಒಂದನ್ನು ತೆಗೆಯುವಾಗ ಇನ್ನೊಂದರ ಚರ್ಮವೂ ಕಿತ್ತು ಬಂದಿದೆ. ಹೆಡ್‌ಫೋನ್ ಹಾಕಿ ಕೇಳಿದರೆ ಗೊತ್ತಾಗುತ್ತದೆ. ಸ, ಶ, ತ ಮುಂತಾದ ಅಕ್ಷರಗಳು ಮೊಂಡಾಗಿವೆ, ಮಾತು ನೀರಿನ ಒಳಗಿಂದ ಬಂದಂತಿದೆ. ಸೂತ್ರಧಾರ ಬಾಯಿ ಮುಚ್ಚಿದ ಕೂಡಲೇ ಬಯಲು ಸತ್ತಂತಾಗುತ್ತದೆ, ಬಾಯಿ ತೆರೆದ ಕೂಡಲೇ ಹಿಂದೆ ಏನೋ ಉಸಿರಾಡುತ್ತದೆ.

ಅದೇ ಧ್ವನಿಯನ್ನು ಎರಡನೆಯ ಎಡಿಟ್ ಹೇಗೆ ಉಳಿಸಿಕೊಂಡಿತು? 80 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ ಸೋಸಿ ತೆಗೆದಿದೆ. ರಸ್ತೆಯ ಲಾರಿಗಳ ಗುಡುಗು, ಗಾಳಿ ಮೈಕಿಗೆ ಬಡಿದ ಸದ್ದಿನ ಹೆಚ್ಚು ಪಾಲು ಅಲ್ಲೇ ಇರುತ್ತದೆ. ಮನುಷ್ಯರ ಮಾತು ಅಲ್ಲಿ ಇರುವುದಿಲ್ಲವೆಂದೇ ಹೇಳಬೇಕು. ಮಿಕ್ಕದ್ದನ್ನು ಮುಟ್ಟಿಲ್ಲ. ಮಾತನ್ನು ಸ್ಪಷ್ಟ ಮಾಡಿದ್ದು ಬೇರೆ ರೀತಿಯಲ್ಲಿ, ಯಾವ ಮೈಕಿನ ಕಡೆಗೆ ನಟ ತಿರುಗಿದ್ದಾನೋ ಆ ಮೈಕನ್ನು ಮಾತ್ರ ಮುಂದೆ ತಂದು, ಇನ್ನೊಂದನ್ನು ಹತ್ತು ಡೆಸಿಬೆಲ್‌ನಷ್ಟು ಹಿಂದಕ್ಕೆ ತಳ್ಳಿ. ವೃತ್ತದಲ್ಲಿ ಇದು ಬೇಸರದ ಕೆಲಸ, ನಟ ಹತ್ತು ಸೆಕೆಂಡಿಗೊಮ್ಮೆ ತಿರುಗುತ್ತಾನೆ. ಆದರೆ ಎರಡೂ ಮೈಕುಗಳನ್ನು ಸಮಸಮವಾಗಿ ಬೆರೆಸಿದರೆ, ಒಂದೇ ದನಿ ಎರಡು ದೂರಗಳಿಂದ ಸ್ವಲ್ಪ ಮುಂಚೆ, ಸ್ವಲ್ಪ ತಡವಾಗಿ ಬಂದು, ಕೆಲವು ಸ್ವರಗಳನ್ನು ತಾನೇ ತಿಂದುಹಾಕುತ್ತದೆ. ತಗಡಿನ ಡಬ್ಬದೊಳಗೆ ಮಾತಾಡಿದ ಹಾಗೆ ಕೇಳಿದರೆ ಅದು ಇದರ ಗುರುತು.

ಚಿತ್ರ ಮತ್ತು ಧ್ವನಿಯ ಹೊಂದಾಣಿಕೆಯ ಬಗ್ಗೆಯೂ ಒಂದು ಮಾತು. ಎರಡೂ ಎಡಿಟ್‌ಗಳಲ್ಲಿ ಇದರ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮಿನ ಹೊತ್ತಿಗೆ ಶಬ್ದ ಹದಿನಾಲ್ಕು ಮೀಟರ್ ಸಾಗಿರುತ್ತದೆ. ಇಪ್ಪತ್ತು ಮೀಟರ್ ದೂರದ ಬಾಲ್ಕನಿಗೆ ಹಲಗೆಯ ಪೆಟ್ಟು ಒಂದೂವರೆ ಫ್ರೇಮ್ ತಡವಾಗಿ ತಲುಪುತ್ತದೆ. ಸಾಫ್ಟ್‌ವೇರ್ ಧ್ವನಿಗೆ ಧ್ವನಿ ಹೊಂದಿಸಿ ಕ್ಯಾಮೆರಾಗಳನ್ನು ಜೋಡಿಸುವಾಗ ಈ ತಡವನ್ನು ಸರಿಮಾಡಲು ಡಿಯ ಚಿತ್ರವನ್ನು ಅಷ್ಟೇ ಮುಂಚಿತವಾಗಿ ಎಳೆದುಬಿಡುತ್ತದೆ. ಆಗ ಕಡ್ಡಿ ಮೊದಲು ಬೀಳುತ್ತದೆ, ಸದ್ದು ಆಮೇಲೆ ಬರುತ್ತದೆ. ಡಿಯನ್ನು ಕೈಯಿಂದ ಒಂದೋ ಎರಡೋ ಫ್ರೇಮ್ ಹಿಂದಕ್ಕೆ ಸರಿಸಿದರೆ ಮುಗಿಯಿತು. ಇದಕ್ಕಿಂತ ದೊಡ್ಡ ಕಾಟ ಮೊಬೈಲಿನದು. ಅನೇಕ ಮೊಬೈಲುಗಳು ಬೆಳಕು ಕಡಿಮೆಯಾದಂತೆ ಫ್ರೇಮಿನ ವೇಗವನ್ನು ತಾವೇ ಏರಿಳಿಸುತ್ತವೆ. ಮೊದಲಿಗೆ ಸರಿಯಾಗಿ ಹೊಂದಿದ್ದು ಕತ್ತಲಾಗುವ ಹೊತ್ತಿಗೆ ಜಾರಿರುತ್ತದೆ. ಅದಕ್ಕೇ ನಾಟಕದ ಮೊದಲು ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ, ಎಲ್ಲ ಕ್ಯಾಮೆರಾಗಳಿಗೂ ಕಾಣುವಂತೆ ವೃತ್ತದ ನಡುವೆ ನಿಂತು ಚಪ್ಪಾಳೆ ತಟ್ಟುವುದು. ಎರಡನೆಯ ಚಪ್ಪಾಳೆ ಎಷ್ಟು ತಪ್ಪಿದೆಯೋ ಅದೇ ಜಾರಿದ ಲೆಕ್ಕ. ಮೊದಲ ಎಡಿಟ್‌ನ ಕೊನೆಯ ಹಾಡಿನಲ್ಲಿ ಹಲಗೆಯ ಕೈಗೂ ಸದ್ದಿಗೂ ಸಂಬಂಧವೇ ಇಲ್ಲ. ಎರಡನೆಯದರಲ್ಲಿ ಮೊಬೈಲಿನ ಫೈಲನ್ನು ಮೊದಲೇ ಒಂದೇ ವೇಗಕ್ಕೆ ಬದಲಿಸಿಕೊಂಡಿದ್ದಾರೆ, ಪೆಟ್ಟು ಪೆಟ್ಟಿಗೆ ಕೂತಿದೆ.

ಇವೆಲ್ಲ ಕೈಚಳಕದ ವಿಷಯ, ಕಲಿತರೆ ಬರುತ್ತದೆ. ನನ್ನ ತಕರಾರು ಇರುವುದು ಬೇರೆ ಕಡೆ, ಮೊದಲ ಎಡಿಟ್ 27 ನಿಮಿಷವನ್ನು 16ಕ್ಕೆ ಇಳಿಸಿದ್ದು ಹೇಗೆ ಎಂಬಲ್ಲಿ. ಯಾವ ದೃಶ್ಯವನ್ನೂ ಪೂರ್ತಿಯಾಗಿ ಬಿಟ್ಟಿಲ್ಲ. ಬದಲಿಗೆ ಮಾತು ಮಾತಿನ ನಡುವಿನ ಜಾಗವನ್ನು ಕೆತ್ತಿ ತೆಗೆದಿದ್ದಾರೆ. ಮುಕಾದಮ ತನ್ನ ಮೊಬೈಲನ್ನು ಕಿವಿಗೆ ತಲೆಕೆಳಗಾಗಿ ಹಿಡಿದು ‘ಸಾಹೇಬರ ಜೋಡಿ ಮಾತಾಡಾಕತ್ತೀನಿ’ ಎನ್ನುವಲ್ಲಿ ಬಯಲಿನ ಜನ ಆರು ಸೆಕೆಂಡು ನಕ್ಕರು. ನಟ ಆ ಆರು ಸೆಕೆಂಡು ಸುಮ್ಮನೆ ನಿಂತ, ಕಣ್ಣು ಮಾತ್ರ ಆಡಿಸಿದ, ನಗು ಇಳಿಯುವುದನ್ನು ಕಾದು ಮುಂದಿನ ಮಾತು ಎತ್ತಿದ. ಎಡಿಟ್‌ನಲ್ಲಿ ನಗುವನ್ನು ತಗ್ಗಿಸಿ, ಆರನ್ನು ಎರಡು ಮಾಡಿದ್ದಾರೆ. ಈಗ ಆ ಎರಡು ಸೆಕೆಂಡಿನಲ್ಲಿ ನಟ ಮಾತು ಮರೆತು ನಿಂತವನಂತೆ ಕಾಣುತ್ತಾನೆ. ಬೀದಿನಾಟಕದಲ್ಲಿ ವಿರಾಮವನ್ನು ಬರೆಯುವವರು ಜನ. ನಗುವಿನ ಸದ್ದನ್ನು ತೆಗೆದು ನಟನ ಮೌನವನ್ನು ಉಳಿಸಿದರೆ ಒಳ್ಳೆಯ ನಟನೂ ದಡ್ಡನಾಗುತ್ತಾನೆ. ಸದ್ದೂ ಇಲ್ಲ, ಮೌನವೂ ಇಲ್ಲ ಎಂದು ಎರಡನ್ನೂ ತೆಗೆದರೆ ಅದು ಮಾತುಗಳ ಪಟ್ಟಿಯಾಗುತ್ತದೆ.

ಎರಡನೆಯ ಎಡಿಟ್ ಇಲ್ಲಿ ಒಂದು ಸರಳ ಶಿಸ್ತು ಪಾಲಿಸಿದೆ. ಧ್ವನಿ ಎಂಬುದು ಬಟ್ಟೆ ಒಣಹಾಕುವ ಹಗ್ಗ, ಚಿತ್ರಗಳು ಅದರ ಮೇಲಿನ ಬಟ್ಟೆ. ಬಟ್ಟೆ ಬದಲಿಸಬಹುದು, ಹಗ್ಗ ತುಂಡಾಗಬಾರದು. ಜನರ ಕಡೆಗಿಟ್ಟ ಮೂರನೆಯ ರೆಕಾರ್ಡರ್‌ನ ಧ್ವನಿ, ದೃಶ್ಯವೊಂದರ ಮೊದಲಿನಿಂದ ಕೊನೆಯವರೆಗೆ ಕೆಳಮಟ್ಟದಲ್ಲಿ ಎಡೆಬಿಡದೆ ಹರಿಯುತ್ತದೆ. ಅದರ ಮೇಲೆ ಕ್ಯಾಮೆರಾ ಎಷ್ಟು ಸಲ ಬದಲಾದರೂ ನಾವು ಅದೇ ಬಯಲಿನಲ್ಲಿ ಕೂತಿರುತ್ತೇವೆ. ಕಡಿಮೆ ಮಾಡಿದ ಎರಡು ನಿಮಿಷ ಎಲ್ಲಿ ಹೋಯಿತು ಎಂದರೆ, ನಡುವಿನ ಒಂದು ಹಾಡನ್ನು ಇಡಿಯಾಗಿ ಬಿಟ್ಟಿದ್ದಾರೆ. ಅಲ್ಲಿ ಡಿ ಕ್ಯಾಮೆರಾದ ನೋಟವನ್ನು ನಿಧಾನ ಮಸುಕು ಮಾಡಿ, ಇಲ್ಲೊಂದು ತುಂಡು ಇಲ್ಲ ಎಂದು ಪ್ರಾಮಾಣಿಕವಾಗಿ ತೋರಿಸಿದ್ದಾರೆ. ಕಡಿಯಬೇಕಾದರೆ ಕೊಂಬೆಯನ್ನೇ ಕಡಿಯಬೇಕು, ಎಲೆಗಳನ್ನು ಒಂದೊಂದಾಗಿ ಕೀಳಬಾರದು.

ಈಗ ಆ ಹನ್ನೊಂದು ಸೆಕೆಂಡಿಗೆ ಬರುತ್ತೇನೆ. ಎರಡು ಎಡಿಟ್‌ಗಳನ್ನು ಹೋಲಿಸಬೇಕು ಅನ್ನಿಸಿದ್ದೇ ಅದರಿಂದ.

ಹತ್ತೊಂಬತ್ತನೇ ನಿಮಿಷ. ಮುಕಾದಮ ನಾಲ್ಕನೆಯ ಸಲ ‘ನಾಳೆ ಬಾ’ ಎನ್ನುತ್ತಾನೆ. ನಾಟಕದ ಬರಹದಲ್ಲಿ ಇದಾದ ಮೇಲೆ ಹಲಗೆ ಬಾರಿಸಬೇಕು. ಹಲಗೆಗೆ ಕೈ ಎತ್ತುವ ಮೊದಲೇ ಹನ್ನೆರಡು ಗಂಟೆಯ ಕಡೆ ಕೂತಿದ್ದ ಒಬ್ಬ ಹೆಂಗಸು ಜೋರಾಗಿ ಕೇಳಿದಳು: “ನಾಳೆ ಅಂದ್ರ ಯಾವ ನಾಳೆ? ತಾರೀಖು ಹೇಳು!” ಮುಕಾದಮನ ಪಾತ್ರದವನು ತಬ್ಬಿಬ್ಬಾಗಿ ಆ ಕಡೆ ತಿರುಗಿದ. “ತಾರೀಖಾ?” ಎಂದ. ಅಷ್ಟರಲ್ಲಿ ಆಕೆಯ ಪಕ್ಕದವರು, ಅವರ ಹಿಂದಿನವರು, ಆಮೇಲೆ ಆಚೆ ಬದಿಯ ಗಂಡಸರು, “ತಾರೀಖು ಹೇಳು, ತಾರೀಖು ಹೇಳು” ಎಂದು ಶುರು ಮಾಡಿದರು. ಹಲಗೆಯವನು ಜಾಣ, ಆ ಕೂಗಿಗೇ ತಾಳ ಹಿಡಿದ. ರಸ್ತೆಯಲ್ಲಿ ಒಂದು ರಿಕ್ಷಾ ಹಾರ್ನ್ ಹೊಡೆಯಿತು. ಒಟ್ಟು ಹನ್ನೊಂದು ಸೆಕೆಂಡು. ಮುಂದಿನ ಎಂಟು ನಿಮಿಷ ನಾಟಕ ಬೇರೆಯೇ ಬಿಸಿಯಲ್ಲಿ ನಡೆಯಿತು.

ಮೊದಲ ಎಡಿಟ್‌ನಲ್ಲಿ ಈ ಹನ್ನೊಂದು ಸೆಕೆಂಡು ಇಲ್ಲ. ಕಾರಣಗಳು ತಾಂತ್ರಿಕವಾಗಿ ಒಪ್ಪುವಂಥವೇ: ಎ ಕ್ಯಾಮೆರಾ ಆಗಷ್ಟೇ ಫೋಕಸ್ ಹುಡುಕುತ್ತಿತ್ತು, ಆಕೆಯ ದನಿ ನಟರ ಮೈಕುಗಳಿಗೆ ದೂರವಾಗಿತ್ತು, ಹಾರ್ನ್ ಬೇರೆ. ನಾಟಕದ ಬರಹದಲ್ಲೂ ಇಲ್ಲದ ಮಾತು. ಆದರೆ ಆ ಜಾಗದಿಂದ ಎರಡು ನಿಮಿಷ ಮುಂದೆ, ಹಾಡಿನ ನಡುವೆ, ಅದೇ ಹೆಂಗಸಿನ ಮುಖ ನಾಲ್ಕು ಸೆಕೆಂಡು ದೊಡ್ಡದಾಗಿ ಬರುತ್ತದೆ. ಆಕೆ ನಗುತ್ತಿದ್ದಾಳೆ. ಆ ನಗು ಆ ಹಾಡಿಗೆ ಬಂದದ್ದಲ್ಲ, ಮೊಬೈಲು ತಲೆಕೆಳಗಾದ ದೃಶ್ಯದ್ದು. ಬೆಳಕು ಗಮನಿಸಿದರೆ ಗೊತ್ತಾಗುತ್ತದೆ. ಹಾಡಿನ ಹೊತ್ತಿಗೆ ಬಯಲಿನ ಮೇಲೆ ನೆರಳು ಬಂದಿತ್ತು, ಆಕೆಯ ಕೆನ್ನೆಯ ಮೇಲೆ ಮಾತ್ರ ಇನ್ನೂ ಬಿಸಿಲಿದೆ. ಎಡಿಟ್ ನೀಟಾಗಿದೆ. ಆದರೆ ಅದು ಆಕೆಯ ಮಾತನ್ನು ಕಿತ್ತುಕೊಂಡು ಮುಖವನ್ನು ಇಟ್ಟುಕೊಂಡಿದೆ, ಅದೂ ಬೇರೆ ಹೊತ್ತಿನ ಮುಖವನ್ನು.

ಇದರಲ್ಲಿ ಎರಡು ಅನ್ಯಾಯಗಳಿವೆ. ಮೊದಲನೆಯದು ನಾಟಕಕ್ಕೆ. ಕೊನೆಯ ಎಂಟು ನಿಮಿಷದ ಬಿಸಿ ಎಲ್ಲಿಂದ ಬಂತು ಎಂಬುದು ಮೊದಲ ಎಡಿಟ್ ನೋಡಿದವರಿಗೆ ತಿಳಿಯುವುದಿಲ್ಲ, ನಟರು ಇದ್ದಕ್ಕಿದ್ದಂತೆ ಕಿರುಚಲು ಶುರು ಮಾಡಿದಂತೆ ಕಾಣುತ್ತದೆ. ಕರ್ನಾಟಕದಲ್ಲಿ ‘ಸಮುದಾಯ’ದ ಜಾಥಾಗಳನ್ನು, ಸಿಜಿಕೆ ನಿರ್ದೇಶನದ ‘ಬೆಲ್ಚಿ’ಯನ್ನು ಬೀದಿಯಲ್ಲಿ ನೋಡಿದ ಹಿರಿಯರು ಅದರ ಬಗ್ಗೆ ಹೇಳುವಾಗ ನಾನು ಗಮನಿಸಿದ್ದೇನೆ, ಅವರು ಮೊದಲು ಹೇಳುವುದು ನಟರ ಬಗ್ಗೆ ಅಲ್ಲ. ನಮ್ಮೂರಲ್ಲಿ ಒಬ್ಬ ಎದ್ದು ನಿಂತು ಹೀಗಂದ, ಮುದುಕಿಯೊಬ್ಬಳು ಹೀಗೆ ಅತ್ತಳು ಎಂದು. ಪ್ರದರ್ಶನ ನೆನಪಾಗಿ ಉಳಿದಿರುವುದೇ ಆ ದನಿಗಳಾಗಿ. ಮೂರು ರೆಕಾರ್ಡರ್ ಇಟ್ಟುಕೊಂಡ ನಾವು ಅದನ್ನೇ ಅಳಿಸಿದರೆ, ಏನೂ ಇಲ್ಲದೆ ನೆನಪಿಟ್ಟುಕೊಂಡ ಅವರಿಗಿಂತ ಬಡವರು.

ಎರಡನೆಯ ಅನ್ಯಾಯ ಆ ಹೆಂಗಸಿಗೆ. ಮುಕಾದಮನನ್ನು ಗೇಲಿ ಮಾಡುವ ನಾಟಕಕ್ಕೆ ನಗುತ್ತಿರುವ ಮುಖ ಅದು, ಆಕೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದದ್ದು ಅಂಥ ಒಬ್ಬ ಮುಕಾದಮನ ಹತ್ತಿರವೇ. ಬೀದಿನಾಟಕ ನೋಡುವುದೇ ಎಷ್ಟೋ ಕಡೆ ಒಂದು ಬಹಿರಂಗ ಕೃತ್ಯ. 1989ರ ಜನವರಿ 1ರಂದು ದೆಹಲಿಯ ಪಕ್ಕದ ಝಂಡಾಪುರದಲ್ಲಿ ಜನ ನಾಟ್ಯ ಮಂಚ್ ‘ಹಲ್ಲಾ ಬೋಲ್’ ಆಡುತ್ತಿದ್ದಾಗ ನಡೆದ ದಾಳಿಯಲ್ಲಿ ಸಫ್ದರ್ ಹಾಶ್ಮಿಯವರ ಜೊತೆಗೆ ರಾಮ್ ಬಹಾದೂರ್ ಎಂಬ ಕಾರ್ಮಿಕರೂ ಜೀವ ಕಳೆದುಕೊಂಡರು ಎಂಬುದನ್ನು ಮರೆಯಬಾರದು. ಪುಣೆಯ ಈ ವಸ್ತಿಯಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಒಬ್ಬರ ದಿನಗೂಲಿ ತಪ್ಪಿಸಲು ದೊಣ್ಣೆ ಬೇಕಾಗಿಲ್ಲ, ‘ನಾಳೆಯಿಂದ ಬರಬೇಡ’ ಎಂದರೆ ಸಾಕು. ನಾಲ್ಕು ಸೆಕೆಂಡಿನ ದೊಡ್ಡ ಮುಖ ಅದಕ್ಕೆ ಸಾಕಾದ ಗುರುತು.

ಮೊದಲ ಎಡಿಟ್ ಜನರಿಗೆ ಮುಟ್ಟಿದ ವಾರದಲ್ಲೇ ತಂಡದ ಇಬ್ಬರು ಹುಡುಗಿಯರು ವಸ್ತಿಗೆ ಹೋಗಿ ಆಕೆಗೆ ತೋರಿಸಿದರು. ಆಕೆ ತನ್ನ ಮುಖ ಬಂದಾಗ ಸೆರಗು ಬಾಯಿಗೆ ಹಿಡಿದು ನಕ್ಕಳಂತೆ. ಪೂರ್ತಿ ನೋಡಿದ ಮೇಲೆ ಕೇಳಿದಳಂತೆ: “ನಾ ಕೇಳಿದ್ದು ಎಲ್ಲಿ ಹೋತ್ ಅವ್ವಾ?” ಆಮೇಲೆ ಹೇಳಿದಳು: “ಮಾರಿ ತಗೀರಿ. ಮಾತ್ ಇರ್ಲಿ.” ತಂಡ ಅಂದೇ ಆ ವಿಡಿಯೊ ತೆಗೆಸಿತು. ಎರಡನೆಯ ಎಡಿಟ್ ಹುಟ್ಟಿದ್ದು ಈ ಎರಡು ಮಾತಿನಿಂದ.

ಹೇಗೆ ಮಾಡಿದರು ನೋಡಿ. ಆಕೆ ಕೂತದ್ದು ಸಿ ಕ್ಯಾಮೆರಾದ ಎದುರಿಗೆ, ಎರಡು ಮೀಟರ್ ದೂರದಲ್ಲಿ, ಬೆನ್ನು ಹಾಕಿ. ರೆಕಾರ್ಡರ್‌ಗಳಿಗೆ ಸಿಗದ ಆಕೆಯ ದನಿ ಆ ಕ್ಯಾಮೆರಾದ ಸ್ವಂತ ಮೈಕಿನಲ್ಲಿ ಸಿಕ್ಕಿತ್ತು. ಚೆನ್ನಾಗಿಯೇನೂ ಅಲ್ಲ: ಆ ಮೈಕು ಮಟ್ಟವನ್ನು ತಾನೇ ಏರಿಳಿಸುವಂಥದ್ದು, ಹಿಂದಿನ ಹಲಗೆಯ ಪೆಟ್ಟಿಗೆ ತಗ್ಗಿದ್ದು ಮತ್ತೆ ಏಳಲು ಒಂದು ಸೆಕೆಂಡು ತೆಗೆದುಕೊಂಡಿದೆ, ಹಾಗಾಗಿ ‘ನಾಳೆ ಅಂದ್ರ’ ಮೆತ್ತಗಿದೆ, ‘ತಾರೀಖು ಹೇಳು’ ಗಟ್ಟಿಯಾಗಿದೆ. ಮೆತ್ತಗಿದ್ದ ಎರಡು ಪದಗಳನ್ನಷ್ಟೇ ಕೈಯಿಂದ ಎತ್ತರಿಸಿ, ಮಿಕ್ಕಿದ್ದನ್ನು ಹಾಗೇ ಇಟ್ಟಿದ್ದಾರೆ. ಚಿತ್ರದಲ್ಲಿ, ಮುಕಾದಮ ‘ನಾಳೆ ಬಾ’ ಎನ್ನುವುದು ಎ ಕ್ಯಾಮೆರಾದಲ್ಲಿ. ಮಾತು ಮುಗಿಯುವ ಮೊದಲೇ ಡಿಗೆ ಹೋಗಿ ಇಡೀ ವೃತ್ತ ಕಾಣುತ್ತದೆ, ಮುಖಗಳು ಬೆರಳಿನ ಉಗುರಿನಷ್ಟು. ಅಲ್ಲಿ ಆಕೆಯ ದನಿ ಏಳುತ್ತದೆ. ಯಾರು ಕೇಳಿದ್ದು ಎಂದು ವೃತ್ತದಲ್ಲಿ ತಲೆಗಳು ತಿರುಗುವುದು ಮೇಲಿನಿಂದ ಕಾಣುತ್ತದೆ. ಆಮೇಲೆ ಸಿ: ಸೆರಗು ಹೊದ್ದ ಒಂದು ತಲೆಯ ಹಿಂಭಾಗ, ಅದರಾಚೆ ನಟನ ಮುಖ, ಆ ಮುಖದಲ್ಲಿ ಮಾತು ಸಿಗದ ಗೊಂದಲ. ಕೂಗು ಏರುವವರೆಗೂ ಕಟ್ ಇಲ್ಲ. ರಿಕ್ಷಾದ ಹಾರ್ನ್ ಕೂಡ ಇದೆ. ಕೆಳಗಿನ ಸಬ್‌ಟೈಟಲ್‌ನಲ್ಲಿ ನಟರ ಮಾತಿಗೆ ಯಾವ ಅಕ್ಷರ, ಯಾವ ಗಾತ್ರವೋ ಆಕೆಯ ಮಾತಿಗೂ ಅದೇ.

ಈ ದಾರಿಗೂ ಮಿತಿಗಳಿವೆ. ದನಿಯಿಂದಲೂ ಗುರುತು ಹಿಡಿಯುವವರು ಇರುತ್ತಾರೆ. ಅಂದು ಬಯಲಿನಲ್ಲಿ ಇದ್ದವರಿಗೆ ಹೇಗೂ ಗೊತ್ತು, ವಿಡಿಯೊ ನೋಡುವ ಮಿಕ್ಕವರಿಗೆ ಗೊತ್ತಾಗದಿದ್ದರೆ ಸಾಕು ಎಂಬುದು ಆಕೆಯದೇ ತೀರ್ಮಾನವಾಗಿತ್ತು. ಬೇರೊಬ್ಬರು ಬೇರೆ ತೀರ್ಮಾನ ಮಾಡಬಹುದು, ಆಗ ದನಿಯನ್ನೂ ಬಿಡಬೇಕು. ಎ ಮತ್ತು ಬಿ ಕ್ಯಾಮೆರಾಗಳಲ್ಲಿ ಎದುರಿನ ಸಾಲಿನ ಮುಖಗಳು ದೂರದಲ್ಲಾದರೂ ಕಾಣುತ್ತವೆ. ಅದಕ್ಕೆ ತಂಡ ಈಗ ಆಟದ ಮೊದಲೇ ಒಂದು ವ್ಯವಸ್ಥೆ ಮಾಡಿಕೊಂಡಿದೆ. ಕ್ಯಾಮೆರಾಗಳನ್ನು ಒಂದೇ ಅರ್ಧದಲ್ಲಿ ಇಟ್ಟು, ಜನರನ್ನು ಕರೆಯುವ ಹಲಗೆಯ ನಡುವೆ ಸೂತ್ರಧಾರ ಕೂಗುತ್ತಾನೆ: “ಈ ಕಡೆ ಕುಂತವರ ಬೆನ್ನು ಬರ್ತೈತಿ, ಆ ಕಡೆ ಕುಂತವರ ಮಾರಿ ಬರ್ತೈತಿ. ನೋಡ್ಕೊಂಡು ಕುಂಡರ್ರಿ!” ಜನ ನಗುತ್ತಾ ಜಾಗ ಬದಲಿಸುತ್ತಾರೆ. ತಡವಾಗಿ ಬಂದವರಿಗೆ ಅದು ಗೊತ್ತಿರುವುದಿಲ್ಲ ಎಂಬ ತೊಡಕು ಉಳಿದೇ ಇದೆ. ಎ ಕ್ಯಾಮೆರಾವನ್ನು ಇನ್ನಷ್ಟು ಕೆಳಗಿಟ್ಟು, ಹಿನ್ನೆಲೆ ಮಸುಕಾಗುವಂತೆ ಲೆನ್ಸ್ ತೆರೆದಿಟ್ಟುಕೊಳ್ಳುವುದು ಸದ್ಯಕ್ಕೆ ಅವರು ಕಂಡುಕೊಂಡ ಉಪಾಯ.

ಎರಡನೆಯ ಎಡಿಟ್ ಪೂರ್ತಿ ಚೆನ್ನಾಗಿದೆ ಎಂದು ನಾನು ಹೇಳಲಾರೆ. ಮೊದಲ ನಾಲ್ಕು ನಿಮಿಷ ಜನ ಇನ್ನೂ ಸೇರುತ್ತಿರುವಾಗಿನ ಗೊಂದಲವನ್ನು ಅದು ಅಗತ್ಯಕ್ಕಿಂತ ಹೆಚ್ಚು ಉಳಿಸಿಕೊಂಡಿದೆ, ಕೊನೆಯ ಹಾಡಿನ ಮಾತುಗಳು ಮೊಬೈಲಿನ ಸ್ಪೀಕರ್‌ನಲ್ಲಿ ಹಲಗೆಯ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಬಿ ಕ್ಯಾಮೆರಾದ ಬಣ್ಣ ಎ ಕ್ಯಾಮೆರಾಕ್ಕಿಂತ ಹಳದಿಯಾಗಿದೆ. ಎರಡಕ್ಕೂ ಮೊದಲೇ ಒಂದೇ ವೈಟ್ ಬ್ಯಾಲೆನ್ಸ್ ಕಟ್ಟಿಹಾಕಿದ್ದರೆ ಅದು ಆಗುತ್ತಿರಲಿಲ್ಲ. ಆದರೂ ಯಾರಾದರೂ ಆ ನಾಟಕ ಹೇಗಿತ್ತು ಎಂದು ಕೇಳಿದರೆ ನಾನು ಕಳಿಸುವುದು ಅದನ್ನೇ, ಹತ್ತೊಂಬತ್ತನೇ ನಿಮಿಷದಲ್ಲಿ ಹೆಡ್‌ಫೋನ್ ಹಾಕಿಕೊಳ್ಳಿ ಎಂಬ ಒಂದು ಸಾಲಿನ ಜೊತೆ.